ಬುಟ್ಟಿ ಫೋಟೋದಲ್ಲಿರೋ ಕಡ್ಡಿ, ಕೊಕ್ಕೆ, ರಿಂಗು, ದೋಣಿ: ಯಾವುದು ಯಾವ ಕೆಲಸದ್ದು?

ಪ್ರಶ್ನೆ: ಮೇಡಂ, ನಮ್ಮ ದೊಡ್ಡಮ್ಮ ಹೋದ ಮೇಲೆ ಅವರ ಕೈಕೆಲಸದ ಬುಟ್ಟಿ ಅಣ್ಣನ ಮನೇಲಿದೆ. ಅವನು ಒಂದೇ ಒಂದು ಫೋಟೋ ಕಳಿಸಿ, ನಿಂಗೆ ಬೇಕಾದ್ದು ಹೇಳು ಉಳಿದದ್ದು ಯಾರಿಗಾದ್ರೂ ಕೊಡ್ತೀನಿ ಅಂತಿದ್ದಾನೆ. ಅದರಲ್ಲಿ ಗುಂಡು ತಲೆಯ ಉದ್ದ ಕಡ್ಡಿ ಮೂರು, ರಬ್ಬರ್ ಬ್ಯಾಂಡ್ ಹಾಕಿರೋ ಗಿಡ್ಡ ಕಡ್ಡಿ ನಾಲ್ಕು, ಕೊಕ್ಕೆ ಇರೋವು ಎರಡು, ಮರದ ರಿಂಗ್ ಎರಡು (ಒಂದಕ್ಕೆ ಸ್ಕ್ರೂ ಇಲ್ಲ), ದೋಣಿ ಥರದ ಸಣ್ಣ ವಸ್ತು ಒಂದು, ಉದ್ದ ಸೂಜಿ ಒಂದು ಕಾಣ್ತಿದೆ. ಗುಂಡಿದ್ರೆ ನಿಟ್ಟಿಂಗು, ಕೊಕ್ಕೆ ಇದ್ರೆ ಕ್ರೋಶಾ, ರಿಂಗಿದ್ರೆ ಎಂಬ್ರಾಯ್ಡರಿ ಅಂತ ನನ್ನ ಕಸಿನ್ ಹೇಳಿದ್ಲು. ಅಷ್ಟು ಸಾಕಾ? ನಂಗೆ ಬರೋದು ಸ್ವಲ್ಪ ಕ್ರೋಶಾ ಮಾತ್ರ.

ಉತ್ತರ:

ಮೊದಲು ಅಣ್ಣನಿಗೆ ಫೋನ್ ಮಾಡಿ, ಸದ್ಯಕ್ಕೆ ಯಾವುದನ್ನೂ ಯಾರಿಗೂ ಕೊಡಬೇಡ, ಆ ರಬ್ಬರ್ ಬ್ಯಾಂಡೂ ಬಿಚ್ಚಬೇಡ ಅಂತ ಹೇಳ್ಬಿಡಿ. ಈ ಥರ ಬುಟ್ಟಿಗಳಲ್ಲಿ ಬೇಡದ ವಸ್ತು ಅಂತ ಮೊದಲು ಆಚೆ ಹೋಗೋದು ಯಾವುದು ಗೊತ್ತಾ, ಜೋಡಿ ಇಲ್ಲದ ಕಡ್ಡಿ, ಸ್ಕ್ರೂ ಇಲ್ಲದ ರಿಂಗು, ಏನಂತ ಗೊತ್ತಾಗದ ದೋಣಿ. ನಿಮ್ಮ ಫೋಟೋದಲ್ಲಿ ಈ ಮೂರೂ ಇವೆ, ಮತ್ತೆ ಮೂರೂ ಇಟ್ಕೊಳ್ಳಲೇಬೇಕಾದಂಥವು.

ನಿಮ್ಮ ಕಸಿನ್ ಹೇಳಿದ್ದು ಪೂರ್ತಿ ತಪ್ಪಲ್ಲ, ಹತ್ತರಲ್ಲಿ ಏಳೆಂಟು ಸಲ ಅದು ಸರಿಯಾಗೇ ಬರುತ್ತೆ. ಕಷ್ಟ ಏನಂದ್ರೆ ಗುಂಡೂ ಇದ್ದು ಕೊಕ್ಕೆಯೂ ಇರೋ ಕಡ್ಡಿ ಇದೆ, ಕೊಕ್ಕೆ ಇದ್ರೂ ಕ್ರೋಶಾಗೆ ಮಾಡಿರದ ಸಲಕರಣೆ ಇದೆ, ದುಂಡಗಿದ್ರೂ ಬಟ್ಟೆ ಹಿಡಿಯದ ರಿಂಗೂ ಇದೆ. ನಾನು ಇಷ್ಟು ವರ್ಷ ಕಲಿಸ್ತಾ ಬಂದಿರೋದ್ರಲ್ಲಿ ಹೊಸಬರಿಗೆ ಆಕಾರ ನೆನಪಿಟ್ಕೊಳ್ಳಿ ಅಂತ ಹೇಳೋದೇ ಬಿಟ್ಟಿದ್ದೀನಿ, ಅದರ ಬದಲು ಒಂದೇ ಪ್ರಶ್ನೆ ಕೇಳ್ಕೊಳ್ಳಿ ಅಂತೀನಿ: ಕೆಲಸ ನಡೀತಿರುವಾಗ ಈ ವಸ್ತುವಿನ ಮೇಲೆ ದಾರ ಎಲ್ಲಿ ಇರುತ್ತೆ, ಅಲ್ಲಿಂದ ಹೇಗೆ ಆಚೆ ಹೋಗುತ್ತೆ? ಇದಕ್ಕೆ ಉತ್ತರ ಸಿಕ್ರೆ ಗುಂಡು ಯಾಕಿದೆ, ಕಣ್ಣು ಯಾಕೆ ಸಣ್ಣದು, ಹಿಡಿಕೆ ಯಾಕಿಲ್ಲ ಎಲ್ಲ ತಾನಾಗೇ ಗೊತ್ತಾಗುತ್ತೆ.

ನಿಟ್ಟಿಂಗ್ ಮಾಡುವಾಗ ಒಂದು ಸಾಲಿನ ಎಲ್ಲ ಲೂಪುಗಳೂ ಕಡ್ಡಿ ಮೇಲೇ ಕೂತಿರುತ್ತವೆ, ಸ್ವೆಟರಿನ ಬೆನ್ನಾದ್ರೆ ನೂರಕ್ಕೆ ಹತ್ತಿರ ಲೂಪು ಒಂದೇ ಕಡ್ಡಿ ಮೇಲೆ. ಅದಕ್ಕೇ ಕಡ್ಡಿ ಉದ್ದ, ಅದಕ್ಕೇ ಹಿಂದೆ ಗುಂಡು, ಲೂಪುಗಳು ಹಿಂದಿನಿಂದ ಜಾರಿ ಬೀಳಬಾರದು ಅಂತ. ಮುಂದೆ ಚೂಪು, ಯಾಕಂದ್ರೆ ಇನ್ನೊಂದು ಕಡ್ಡಿಯಲ್ಲಿರೋ ಲೂಪಿನೊಳಗೆ ಅದು ನುಗ್ಗಬೇಕು. ಕ್ರೋಶಾದಲ್ಲಿ ಹಾಗಲ್ಲ, ನಿಮಗೇ ಗೊತ್ತಿದೆ, ಕೊಕ್ಕೆ ಮೇಲೆ ಒಂದು ಹೊತ್ತಿಗೆ ಒಂದೋ ಎರಡೋ ಮೂರೋ ಲೂಪು ಅಷ್ಟೇ, ಉಳಿದದ್ದೆಲ್ಲ ಆಗಲೇ ಬಟ್ಟೆಯಾಗಿ ಕೆಳಗೆ ಇಳಿದಿರುತ್ತೆ. ಹಾಗಾಗಿ ಅದು ಗಿಡ್ಡ ಇದ್ರೆ ಸಾಕು, ಲೂಪು ನಿಲ್ಲಿಸ್ಕೊಳ್ಳೋಕೆ ಬೇಡವಾದ ಜಾಗದಲ್ಲಿ ಹೆಬ್ಬೆರಳು ಕೂರೋಕೆ ಚಪ್ಪಟೆ ಮಾಡಿರ್ತಾರೆ.

ಈಗ ಆ ಮೂರು ಗುಂಡು ತಲೆಯ ಕಡ್ಡಿಗೆ ಬನ್ನಿ. ಮೂರು ಅನ್ನೋ ಲೆಕ್ಕವೇ ನಂಗೆ ಮೊದಲು ಕಣ್ಣಿಗೆ ಬಿದ್ದಿದ್ದು. ಗುಂಡಿರೋ ನಿಟ್ಟಿಂಗ್ ಕಡ್ಡಿ ಯಾವಾಗಲೂ ಜೋಡಿ, ಒಂದು ಎಡಗೈಗೆ ಒಂದು ಬಲಗೈಗೆ. ಫೋಟೋ ದೊಡ್ಡದು ಮಾಡಿ ನೋಡಿ, ಎರಡು ಕಡ್ಡಿ ಒಂದೇ ಬೂದು ಬಣ್ಣ, ಗುಂಡಿನ ಆಕಾರವೂ ಒಂದೇ, ಅವು ಜೋಡಿ ಅನ್ನೋದ್ರಲ್ಲಿ ನಂಗೆ ಅನುಮಾನ ಇಲ್ಲ. ಮೂರನೇದರ ಗುಂಡು ಬೇರೆ ಥರ ಇದೆ, ಅದರ ಇನ್ನೊಂದು ತುದಿ ಉಣ್ಣೆ ಉಂಡೆ ಕೆಳಗೆ ಹೂತುಹೋಗಿದೆ. ಅದು ಜೋಡಿ ಕಳೆದುಹೋದ ಒಂಟಿ ನಿಟ್ಟಿಂಗ್ ಕಡ್ಡಿ ಆಗಿರಬಹುದು, ಅಂಥದ್ದು ಎಲ್ಲ ಬುಟ್ಟಿಯಲ್ಲೂ ಒಂದು ಇರುತ್ತೆ. ಆದ್ರೆ ಅದು ಟ್ಯುನೀಶಿಯನ್ ಕ್ರೋಶಾ ಕೊಕ್ಕೆಯೂ ಆಗಿರಬಹುದು. ಟ್ಯುನೀಶಿಯನ್ ಅನ್ನೋದು ಕ್ರೋಶಾದ್ದೇ ಒಂದು ಬಗೆ, ಆದ್ರೆ ಅಲ್ಲಿ ಹೋಗುವಾಗ ಸಾಲಿನ ಎಲ್ಲ ಲೂಪನ್ನೂ ಕೊಕ್ಕೆ ಮೇಲೆ ಏರಿಸ್ಕೊಂಡು ಹೋಗಿ ವಾಪಸ್ ಬರುವಾಗ ಒಂದೊಂದಾಗಿ ಇಳಿಸ್ತಾರೆ. ಅಂದ್ರೆ ದಾರ ಕಡ್ಡಿ ಮೇಲೇ ನಿಲ್ಲಬೇಕು, ಅದಕ್ಕೇ ಅದು ನಿಟ್ಟಿಂಗ್ ಕಡ್ಡಿ ಥರ ಉದ್ದ, ಹಿಂದೆ ಗುಂಡು, ಮುಂದೆ ಮಾತ್ರ ಕೊಕ್ಕೆ, ಹೆಬ್ಬೆರಳಿನ ಚಪ್ಪಟೆ ಜಾಗ ಸಾಮಾನ್ಯವಾಗಿ ಇರಲ್ಲ. ಒಬ್ಬ ವಿದ್ಯಾರ್ಥಿನಿ ಕಳಿಸಿದ ಇಂಥದ್ದೇ ಫೋಟೋ ನೋಡಿ ನಾನೊಮ್ಮೆ ಒಂಟಿ ನಿಟ್ಟಿಂಗ್ ಕಡ್ಡಿ, ಯಾರಿಗಾದ್ರೂ ಕೊಡಿ ಅಂದುಬಿಟ್ಟಿದ್ದೆ, ಕೊಟ್ಟ ಮೇಲೆ ಅದರ ತುದಿಯಲ್ಲಿ ಕೊಕ್ಕೆ ಇತ್ತು ಅಂತ ಗೊತ್ತಾಯ್ತು, ಅವರು ಅದೇ ಸೈಜಿನದ್ದು ತಿಂಗಳುಗಟ್ಟಲೆ ಹುಡುಕ್ತಿದ್ರು. ಆ ಬೇಜಾರು ಇವತ್ತಿಗೂ ಇದೆ. ಅವತ್ತಿಂದ ಎರಡೂ ತುದಿ ಕಾಣದೆ ನಾನು ಯಾವ ಕಡ್ಡಿಗೂ ಹೆಸರು ಹೇಳಲ್ಲ. ನಿಮಗಂತೂ ಕ್ರೋಶಾ ಬರುತ್ತೆ, ಅದು ಟ್ಯುನೀಶಿಯನ್ ಆಗಿದ್ರೆ ಇಡೀ ಬುಟ್ಟಿಯಲ್ಲಿ ನಿಮಗೆ ಬೇಗ ಉಪಯೋಗಕ್ಕೆ ಬರೋದು ಅದೇ.

ರಬ್ಬರ್ ಬ್ಯಾಂಡಿನ ನಾಲ್ಕು ಗಿಡ್ಡ ಕಡ್ಡಿ ಒಂದು ಸೆಟ್. ಅವಕ್ಕೆ ಗುಂಡಿಲ್ಲ, ಎರಡೂ ಕಡೆ ಚೂಪು, ಮುರಿದ ಕಡ್ಡಿ ಅಂತಲೋ ಅಡುಗೆ ಮನೆಯಿಂದ ಬಂದದ್ದು ಅಂತಲೋ ಬಿಸಾಡಬೇಡಿ. ಸಾಕ್ಸು, ಟೋಪಿ, ಗ್ಲೌಸು ಥರ ಕೊಳವೆ ಆಕಾರದ್ದನ್ನ ಹೊಲಿಗೆ ಇಲ್ಲದೆ ಸುತ್ತ ಹೆಣೆಯೋಕೆ ಇವು. ಮೂರು ಕಡ್ಡಿ ಮೇಲೆ ಲೂಪುಗಳು ತ್ರಿಕೋನವಾಗಿ ಹಂಚ್ಕೊಂಡಿರುತ್ತವೆ, ನಾಲ್ಕನೇದು ಹೆಣೀತಾ ಹೋಗುತ್ತೆ. ಒಂದು ಕಡ್ಡಿಯ ಲೂಪು ಒಂದು ತುದಿಯಿಂದ ಏರಿ ಇನ್ನೊಂದು ತುದಿಯಿಂದ ಇಳೀಬೇಕು, ಅದಕ್ಕೇ ಎರಡೂ ತುದಿ ತೆರೆದಿರಬೇಕು, ಗುಂಡು ಇದ್ರೆ ಕೆಲಸವೇ ನಡೆಯಲ್ಲ. ನಾಲ್ಕರ ಸೆಟ್ಟೂ ಬರುತ್ತೆ ಐದರ ಸೆಟ್ಟೂ ಬರುತ್ತೆ, ಹಾಗಾಗಿ ಐದನೇದು ಬುಟ್ಟಿಯ ತಳದಲ್ಲಿ ಇದೆಯಾ ಅಂತ ನೋಡಿಸಿ. ನಾಲ್ಕೇ ಇದ್ರೂ ಕೆಲಸ ನಡಿಯುತ್ತೆ, ಮೂರಾದ್ರೆ ನಡಿಯಲ್ಲ. ರಬ್ಬರ್ ಬ್ಯಾಂಡ್ ಬಿಚ್ಚಬೇಡ ಅಂದಿದ್ದು ಇದಕ್ಕೇ.

ಕೊಕ್ಕೆಗಳಲ್ಲಿ ದೊಡ್ಡದರ ಬಗ್ಗೆ ಹೆಚ್ಚು ಹೇಳೋದೇನಿಲ್ಲ, ನಡುವೆ ಚಪ್ಪಟೆ ಜಾಗ ಕಾಣ್ತಿದೆ, ಅದು ಮಾಮೂಲಿ ಕ್ರೋಶಾ ಕಡ್ಡಿ, ಸೈಜು ಆ ಚಪ್ಪಟೆ ಜಾಗದಲ್ಲೇ ಒತ್ತಿರಬೇಕು. ಚಿಕ್ಕದು ಸ್ಟೀಲಿನದು, ಕೊಕ್ಕೆ ಎಷ್ಟು ಸಣ್ಣದಂದ್ರೆ ಫೋಟೋದಲ್ಲಿ ಬರೀ ಒಂದು ಚುಕ್ಕಿ ಥರ ಇದೆ. ಇದು ಉಣ್ಣೆಗಲ್ಲ, ತೆಳು ಹತ್ತಿ ದಾರದ ಲೇಸಿಗೆ. ಆದ್ರೆ ಇದನ್ನ ದೋಣಿ ಜೊತೆ ಸೇರಿಸಿ ನೋಡಿ. ಆ ದೋಣಿ ಟ್ಯಾಟಿಂಗ್ ಅನ್ನೋ ಕೆಲಸದ್ದು, ಅಂದ್ರೆ ದಾರದ ಸಣ್ಣ ಗಂಟುಗಳಿಂದ ಬಳೆ ಬಳೆಯಾಗಿ ಲೇಸ್ ಮಾಡೋದು. ಟ್ಯಾಟಿಂಗ್ ಮಾಡೋರು ಒಂದು ಬಳೆಯನ್ನ ಪಕ್ಕದ ಬಳೆಗೆ ಸೇರಿಸುವಾಗ ಸಣ್ಣ ಕುಣಿಕೆಯೊಳಗಿಂದ ದಾರ ಎಳ್ಕೊಳ್ಳೋಕೆ ಇಂಥ ಸ್ಟೀಲ್ ಕೊಕ್ಕೆಯನ್ನೇ ಇಟ್ಕೊಂಡಿರ್ತಾರೆ. ಅಂದ್ರೆ ಅದು ಕ್ರೋಶಾ ಕೊಕ್ಕೆ ಹೌದು, ಆದ್ರೆ ನಿಮ್ಮ ದೊಡ್ಡಮ್ಮ ಅದನ್ನ ಟ್ಯಾಟಿಂಗಿಗೇ ಬಳಸಿರಬಹುದು, ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡಿ. ಇನ್ನೊಂದು ಸಂಗತಿ, ಆ ಚಿಕ್ಕದರಲ್ಲಿ ಚಪ್ಪಟೆ ಜಾಗವೇ ಇಲ್ಲದೆ ಕೊಕ್ಕೆಯಿಂದ ಹಿಂದಿನವರೆಗೂ ಒಂದೇ ದಪ್ಪ ಇದ್ರೆ, ಅದು ಕ್ರೋಟ್ಯಾಟಿಂಗ್ ಕೊಕ್ಕೆ ಇರಬಹುದು. ಅದರ ಮೇಲೆ ಮೊದಲು ಟ್ಯಾಟಿಂಗ್ ಗಂಟುಗಳನ್ನ ಸಾಲಾಗಿ ಹಾಕ್ಕೊಂಡು ಆಮೇಲೆ ದಾರವನ್ನ ಕೊಕ್ಕೆಯಿಂದ ಎಳೆದು ಅಷ್ಟೂ ಗಂಟನ್ನ ಒಟ್ಟಿಗೆ ಮುಂದಕ್ಕೆ ಜಾರಿಸ್ತಾರೆ, ದಾರಿಯಲ್ಲಿ ಉಬ್ಬಿರಬಾರದು, ಕೊಕ್ಕೆಯ ತಲೆಯೂ ಕಡ್ಡಿಗಿಂತ ದಪ್ಪ ಇರಬಾರದು. ಹಿಡಿಕೆ ಮರದ್ದಾಗಿದ್ದು ಕೊಕ್ಕೆಯ ಮೂತಿ ಸೂಜಿ ಥರ ಚೂಪಾಗಿದ್ರೆ ಅದು ಆರಿ ಸೂಜಿ, ಬಟ್ಟೆಯನ್ನ ಚುಚ್ಚಿ ಕೆಳಗಿನ ದಾರ ಎಳೆಯೋದು. ಕ್ರೋಶಾ ಕೊಕ್ಕೆಯ ಮೂತಿ ನುಣುಪಾಗಿ ದುಂಡಗಿರುತ್ತೆ, ಬೆರಳಿಗೆ ಚುಚ್ಚಲ್ಲ. ಫೋಟೋದಲ್ಲಿ ಇದು ಗೊತ್ತಾಗೋದು ಕಷ್ಟ, ಅಣ್ಣನೇ ನಿಧಾನಕ್ಕೆ ಬೆರಳಲ್ಲಿ ಮುಟ್ಟಿ ಹೇಳಬೇಕು.

ಈಗ ರಿಂಗುಗಳು. ಎಂಬ್ರಾಯ್ಡರಿ ರಿಂಗ್ ಮೇಲೆ ದಾರ ನಿಲ್ಲೋದೇ ಇಲ್ಲ, ಅದು ಹಿಡಿಯೋದು ಬಟ್ಟೆಯನ್ನ. ಬಟ್ಟೆ ಎರಡು ಬಳೆಗಳ ನಡುವೆ ಸಿಕ್ಕಿಕೊಂಡು ಡೋಲಿನ ಚರ್ಮದ ಥರ ಬಿಗಿಯಾಗಬೇಕು, ಹಾಗಾಗಿ ಒಂದು ರಿಂಗ್ ಅಂದ್ರೇನೇ ಎರಡು ಬಳೆ. ಹೊರಗಿನದು ಒಂದು ಕಡೆ ಸೀಳಿರುತ್ತೆ, ಸೀಳಿನ ಎರಡೂ ತುದಿಯನ್ನ ಸ್ಕ್ರೂ ಹತ್ತಿರ ಎಳೆಯುತ್ತೆ. ಒಳಗಿನದು ಸೀಳಿಲ್ಲದ ಪೂರ್ತಿ ಬಳೆ, ಸ್ಕ್ರೂ ಇರೋದೇ ಇಲ್ಲ. ನೀವು ಸ್ಕ್ರೂ ಕಳೆದುಹೋದ ಎರಡನೇ ರಿಂಗ್ ಅಂದ್ಕೊಂಡಿರೋದು ಮೊದಲನೇದರದ್ದೇ ಒಳಬಳೆ ಅನ್ನೋದು ನನ್ನ ಅಂದಾಜು. ಅದನ್ನ ಕೊಟ್ಬಿಟ್ರೆ ಉಳಿದದ್ದೂ ಕೆಲಸಕ್ಕೆ ಬರಲ್ಲ.

ಇದನ್ನ ಫೋಟೋದಲ್ಲೇ ಪರೀಕ್ಷೆ ಮಾಡೋಕೆ ಒಂದು ದಾರಿ ಇದೆ. ಓರೆಯಾಗಿ ತೆಗೆದ ಫೋಟೋದಲ್ಲಿ ದುಂಡಗಿನ ಬಳೆ ಮೊಟ್ಟೆ ಆಕಾರಕ್ಕೆ ಕಾಣುತ್ತೆ, ಆದ್ರೆ ಓರೆಯಿಂದ ಕುಗ್ಗೋದು ಅದರ ಗಿಡ್ಡ ಅಳತೆ ಮಾತ್ರ, ಉದ್ದದ ಅಳತೆ ಹೆಚ್ಚುಕಮ್ಮಿ ನಿಜವಾದ ವ್ಯಾಸವಾಗೇ ಉಳಿಯುತ್ತೆ. ಹಾಗಾಗಿ ಎರಡು ಬಳೆಯಲ್ಲೂ ಅತಿ ಉದ್ದವಾಗಿ ಕಾಣೋ ಅಡ್ಡಗಲವನ್ನ ಸ್ಕ್ರೀನ್ ಮೇಲೆ ಸ್ಕೇಲಿಟ್ಟು ಅಳೆದು ನೋಡಿ. ಸ್ಕ್ರೂ ಇರೋದರ ಒಳಅಂಚಿನಿಂದ ಒಳಅಂಚಿಗೆ, ಸ್ಕ್ರೂ ಇಲ್ಲದ್ದರ ಹೊರಅಂಚಿನಿಂದ ಹೊರಅಂಚಿಗೆ. ನಾನು ನೀವು ಕಳಿಸಿದ ಫೋಟೋವನ್ನ ದೊಡ್ಡದು ಮಾಡಿ ಅಳೆದೆ, ಮೊದಲನೇದು 61 ಮಿ.ಮೀ, ಎರಡನೇದು 60 ಬಂತು. ಇದು ಸ್ಕ್ರೀನಿನ ಮೇಲಿನ ಅಳತೆ, ನಿಜವಾದದ್ದಲ್ಲ, ಆದ್ರೆ ಎರಡೂ ಇಷ್ಟು ಹತ್ತಿರ ಇದ್ದು ಎರಡೂ ಬಳೆ ಬುಟ್ಟಿಯಲ್ಲಿ ಒಂದೇ ಎತ್ತರದಲ್ಲಿ ಒರಗಿರೋದ್ರಿಂದ ಒಂದರೊಳಗೆ ಒಂದು ಕೂರುತ್ತೆ ಅಂತ ಧೈರ್ಯವಾಗಿ ಹೇಳ್ತೀನಿ. ಅಣ್ಣ ಸ್ಕ್ರೂ ಸಡಿಲ ಮಾಡಿ ಒಳಗೆ ಕೂರಿಸಿ ನೋಡಿದ್ರೆ ಅರ್ಧ ನಿಮಿಷದಲ್ಲಿ ಖಾತ್ರಿಯಾಗುತ್ತೆ. ಒಳಬಳೆಗೆ ಬಿಳಿ ಪಟ್ಟಿ ಸುತ್ತಿದ್ರೆ ಅದನ್ನ ಕಿತ್ತು ಹಾಕಬೇಡಿ, ಬಟ್ಟೆ ಜಾರದ ಹಾಗೆ ನಿಮ್ಮ ದೊಡ್ಡಮ್ಮನೇ ಸುತ್ತಿರೋದು. ಹಾಂ, ಬಳೆಯ ಸುತ್ತ ಮೊಳೆ ಥರ ಗೂಟಗಳಿದ್ರೆ ಅದು ಎಂಬ್ರಾಯ್ಡರಿಯದ್ದಲ್ಲ, ಟೋಪಿ ಹೆಣೆಯೋ ಲೂಮು. ನಿಮ್ಮದರಲ್ಲಿ ಗೂಟ ಇಲ್ಲ.

ದೋಣಿ ಬಗ್ಗೆ ಬರೆಯೋಕೆ ನಂಗೆ ಖುಷಿ, ಯಾಕಂದ್ರೆ ಈ ಕೆಲಸ ಗೊತ್ತಿರೋರು ಈಗ ಕಡಿಮೆ, ಬುಟ್ಟಿಯಲ್ಲಿ ಇದು ಕಂಡ್ರೆ ಆ ಮನೆಯಲ್ಲಿ ಯಾರೋ ತುಂಬಾ ತಾಳ್ಮೆಯಿಂದ ಕೂತು ಲೇಸ್ ಮಾಡಿದ್ದಾರೆ ಅಂತ ಅರ್ಥ. ಅದು ಟ್ಯಾಟಿಂಗ್ ಶಟಲ್. ಟ್ಯಾಟಿಂಗ್ ಅಂದ್ರೆ ಬೆರಳಿಗೆ ಸುತ್ತಿದ ದಾರದಿಂದ ಶಟಲಿನ ದಾರದ ಮೇಲೆ ಸಣ್ಣ ಸಣ್ಣ ಗಂಟು ಹಾಕ್ತಾ ಬಳೆ, ಕಮಾನು ಮಾಡ್ಕೊಂಡು ಹೋಗೋ ಲೇಸು. ದಾರ ಶಟಲಿನ ಹೊಟ್ಟೆಯೊಳಗೆ ಇರುತ್ತೆ. ಎರಡು ಎಲೆ ಆಕಾರದ ಪಟ್ಟಿ, ನಡುವೆ ಒಂದು ಗಿಡ್ಡ ಕಂಬ, ದಾರ ಆ ಕಂಬಕ್ಕೆ ಸುತ್ಕೊಂಡಿರುತ್ತೆ, ಎಲೆಗಳ ತುದಿ ಎರಡೂ ಕಡೆ ಒಂದಕ್ಕೊಂದು ತಾಗಿರುತ್ತೆ. ತಾಗಿರೋದೇ ಮುಖ್ಯ, ಬೇಕಾದಷ್ಟೇ ದಾರ ಬಿಟ್ಟು ಉಳಿದದ್ದನ್ನ ತುದಿಗಳು ಕಚ್ಚಿ ಹಿಡೀತವೆ, ದಾರ ಬಿಚ್ಚುವಾಗ ತುದಿಯಿಂದ ಟಿಕ್ ಟಿಕ್ ಅಂತ ಸಣ್ಣ ಸದ್ದು ಬರುತ್ತೆ. ಮೇಲಿನಿಂದ ತೆಗೆದ ಫೋಟೋದಲ್ಲಿ ಇದು ಬರೀ ಒಂದು ಎಲೆ ಥರ, ಯಾವುದೋ ಕ್ಲಿಪ್ಪಿನ ತುಂಡು ಥರ ಕಾಣುತ್ತೆ, ಅದಕ್ಕೇ ಜನ ಬಿಸಾಡ್ತಾರೆ. ಪಕ್ಕದಿಂದ ತೆಗೆದ ಫೋಟೋದಲ್ಲಿ ಎರಡು ಎಲೆ, ನಡುವೆ ಸಂದು, ಸಂದಿನಲ್ಲಿ ದಾರ, ಕಣ್ಣಿನ ಆಕಾರ ಎಲ್ಲ ಸ್ಪಷ್ಟ ಕಾಣುತ್ತೆ. ಸಾಮಾನ್ಯವಾಗಿ ಆರೇಳು ಸೆಂ.ಮೀ ಉದ್ದ, ಅಂಗೈಯಲ್ಲಿ ಅಡಗುತ್ತೆ. ಒಂದು ತುದಿಯಲ್ಲಿ ಸಣ್ಣ ಕೊಕ್ಕೆಯೋ ಮುಳ್ಳೋ ಇದ್ರೆ ಆಶ್ಚರ್ಯ ಬೇಡ, ಬಳೆ ಸೇರಿಸೋಕೆ ಕೆಲವು ಶಟಲಿಗೆ ಅಲ್ಲೇ ಇಟ್ಟಿರ್ತಾರೆ. ಇನ್ನು ಕೆಲವಲ್ಲಿ ಕಂಬದ ಬದಲು ಹೊಲಿಗೆ ಮೆಷಿನ್ನಿನ ಬಾಬಿನ್ ಥರದ್ದು ಬಿಚ್ಚಿ ಹಾಕೋ ಹಾಗಿರುತ್ತೆ.

ನಿಮ್ಮ ಶಟಲ್ ಹಳದಿ ಮಿಶ್ರಿತ ಬಿಳಿ ಬಣ್ಣದಲ್ಲಿದೆ. ಹಳೇ ಶಟಲುಗಳನ್ನ ಮೂಳೆ, ದಂತ, ಆಮೆ ಚಿಪ್ಪು, ಸೆಲ್ಯುಲಾಯ್ಡ್ ಎಲ್ಲದರಲ್ಲೂ ಮಾಡ್ತಿದ್ರು, ಆಮೇಲೆ ಮಾಮೂಲಿ ಪ್ಲಾಸ್ಟಿಕ್ ಬಂತು. ಫೋಟೋ ನೋಡಿ ಇದು ದಂತ ಅಂತಾಗಲಿ ಅಲ್ಲ ಅಂತಾಗಲಿ ಹೇಳೋರನ್ನ ನಂಬಬೇಡಿ. ಮುಖ್ಯವಾಗಿ, ಕಾದ ಸೂಜಿ ಚುಚ್ಚಿ ವಾಸನೆ ನೋಡಿ ಕಂಡುಹಿಡೀರಿ ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ಮಾಡಬೇಡಿ, ಸೆಲ್ಯುಲಾಯ್ಡ್ ಆಗಿದ್ರೆ ಅದು ಭಗ್ ಅಂತ ಹೊತ್ತಿಕೊಳ್ಳೋ ವಸ್ತು. ದೀಪ, ಒಲೆ, ಬಿಸಿಲಿನಿಂದ ದೂರ ಇಡಿ, ಗಾಳಿ ಆಡದ ಡಬ್ಬಿಯಲ್ಲಿ ಮುಚ್ಚಿಡಬೇಡಿ. ಮಾರೋ ಯೋಚನೆ ಇದ್ರೆ ಮೊದಲು ಯಾವುದರಿಂದ ಮಾಡಿದ್ದು ಅಂತ ತಿಳಿದವರ ಕೈಗೆ ಕೊಟ್ಟು ತೋರಿಸಿ, ದಂತ ಮತ್ತು ಆಮೆ ಚಿಪ್ಪಿನ ವ್ಯಾಪಾರಕ್ಕೆ ಕಟ್ಟುನಿಟ್ಟಾದ ಕಾನೂನಿದೆ.

ಉಳಿದದ್ದು ಆ ಉದ್ದ ಸೂಜಿ. ಇದರಲ್ಲಿ ಎರಡು ಸಾಧ್ಯತೆ, ಉಣ್ಣೆ ಹೊಲಿಯೋ ದಪ್ಪ ಸೂಜಿ ಅಥವಾ ಟ್ಯಾಟಿಂಗ್ ಸೂಜಿ. ಎರಡಕ್ಕೂ ಕಣ್ಣಿದೆ, ಎರಡರ ಮೂತಿಯೂ ಮೊಂಡು, ಹಾಗಾಗಿ ತುದಿ ನೋಡಿ ಪ್ರಯೋಜನ ಇಲ್ಲ, ಕಣ್ಣಿನ ಹತ್ತಿರ ನೋಡಿ. ಉಣ್ಣೆ ಹೊಲಿಯೋ ಸೂಜಿಯಲ್ಲಿ ದಪ್ಪ ದಾರ ಪೋಣಿಸಬೇಕು ಅಂತ ಕಣ್ಣಿನ ಜಾಗ ಉಬ್ಬಿರುತ್ತೆ, ಅಲ್ಲಿಂದ ಮೂತಿ ಕಡೆಗೆ ಸಣ್ಣ ಆಗ್ತಾ ಹೋಗುತ್ತೆ. ಟ್ಯಾಟಿಂಗ್ ಸೂಜಿಯಲ್ಲಿ ಗಂಟುಗಳು ಸೂಜಿ ಮೈ ಮೇಲೆ ಸಾಲಾಗಿ ಕೂತು, ಆಮೇಲೆ ಕಣ್ಣಿನ ಮೇಲಿಂದ ಜಾರಿ ಹಿಂದಿನ ದಾರಕ್ಕೆ ಇಳೀಬೇಕು. ಕಣ್ಣು ಉಬ್ಬಿದ್ರೆ ಗಂಟುಗಳು ಅಲ್ಲೇ ಸಿಕ್ಕಿಕೊಳ್ತವೆ, ಒತ್ತಾಯವಾಗಿ ಜಾರಿಸಿದ್ರೆ ಸಡಿಲವಾಗಿ ಲೇಸು ಜೋಲು ಬೀಳುತ್ತೆ. ಅದಕ್ಕೇ ಅದು ಮೂತಿಯಿಂದ ಕಣ್ಣಿನವರೆಗೂ ಒಂದೇ ದಪ್ಪ, ಉದ್ದವೂ ಜಾಸ್ತಿ. ನಿಮ್ಮ ಫೋಟೋದಲ್ಲಿ ಸೂಜಿಯ ಎರಡೂ ಅಂಚು ಕಣ್ಣಿನವರೆಗೂ ನೇರ ಗೆರೆ ಎಳೆದ ಹಾಗಿದೆ, ಪಕ್ಕದಲ್ಲಿ ಶಟಲ್ ಬೇರೆ ಇದೆ, ಹಾಗಾಗಿ ನಾನು ಟ್ಯಾಟಿಂಗ್ ಸೂಜಿ ಅಂತಲೇ ಬರೆದಿಡ್ತೀನಿ, ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ. ಅದರ ಕಣ್ಣು ಪಕ್ಕಕ್ಕೆ ತಿರುಗಿ ಮಲಗಿದ್ರೆ ಕಣ್ಣಿನ ಉಬ್ಬು ಅಂಚಿನಿಂದ ಕಾಣದೇ ಇರಬಹುದು, ಸೂಜಿಯನ್ನ ಕಾಲು ಸುತ್ತು ತಿರುಗಿಸಿ ಇನ್ನೊಂದು ಫೋಟೋ ತೆಗೆಸಿ.

ಸೈಜು ಎಷ್ಟು ಅಂತ ಫೋಟೋ ನೋಡಿ ಹೇಳಿ ಅಂತ ತುಂಬಾ ಜನ ಕೇಳ್ತಾರೆ, ನೀವೂ ಕೇಳೋದಕ್ಕೆ ಮುಂಚೆ ಹೇಳಿಬಿಡ್ತೀನಿ, ಅದು ಆಗಲ್ಲ. ನಿಟ್ಟಿಂಗ್ ಕಡ್ಡಿ ಸೈಜುಗಳ ನಡುವೆ ಕಾಲು, ಅರ್ಧ ಮಿ.ಮೀ ಅಷ್ಟೇ ವ್ಯತ್ಯಾಸ. ಫೋನ್ ಸ್ಕೇಲಿನಿಂದ 40 ಸೆಂ.ಮೀ ಮೇಲಿದೆ, ಕಡ್ಡಿ ರಾಶಿಯ ಮೇಲಿರೋದ್ರಿಂದ ಸ್ಕೇಲಿಗಿಂತ 5 ಸೆಂ.ಮೀ ಎತ್ತರದಲ್ಲಿದೆ ಅಂದ್ಕೊಳ್ಳಿ. ಕಡ್ಡಿ ಕ್ಯಾಮೆರಾಗೆ 35 ಸೆಂ.ಮೀ ದೂರ ಆಯ್ತು, ಅಂದ್ರೆ ಅದು 40ನ್ನು 35ರಿಂದ ಭಾಗಿಸಿದಷ್ಟು, ಸುಮಾರು ಏಳರಲ್ಲಿ ಒಂದು ಪಾಲು ದೊಡ್ಡದಾಗಿ ಕಾಣುತ್ತೆ. 4 ಮಿ.ಮೀ ಕಡ್ಡಿ ಹೆಚ್ಚುಕಮ್ಮಿ 4.5 ಮಿ.ಮೀ ಅಂತ ಅಳತೆ ಬರುತ್ತೆ, 4.5 ಅನ್ನೋದೂ ಅಂಗಡಿಯಲ್ಲಿ ಸಿಗೋ ಒಂದು ಸೈಜೇ ಆಗಿರೋದ್ರಿಂದ ತಪ್ಪಾಗಿದೆ ಅಂತ ಅನುಮಾನವೂ ಬರಲ್ಲ.

ಮತ್ತೆ ಗುಂಡಿನ ಮೇಲೆ ನಂಬರ್ ಒತ್ತಿದೆಯಲ್ಲ ಅನ್ನಬಹುದು. ನಂಬರ್ 8 ಅಂತ ಇದೆ ಅಂದ್ಕೊಳ್ಳಿ. ಹಳೇ ಬ್ರಿಟಿಷ್ ಲೆಕ್ಕದಲ್ಲಿ 8 ಅಂದ್ರೆ 4 ಮಿ.ಮೀ, ಅಮೆರಿಕದ ಲೆಕ್ಕದಲ್ಲಿ 8 ಅಂದ್ರೆ 5 ಮಿ.ಮೀ. ಬ್ರಿಟಿಷ್ ಲೆಕ್ಕದಲ್ಲಿ ನಂಬರ್ ಹೆಚ್ಚಾದಷ್ಟೂ ಕಡ್ಡಿ ತೆಳು, ಅಮೆರಿಕದ್ದರಲ್ಲಿ ನಂಬರ್ ಹೆಚ್ಚಾದಷ್ಟೂ ದಪ್ಪ. ಅದೇ ಅಮೆರಿಕದ ಸ್ಟೀಲ್ ಕ್ರೋಶಾ ಕೊಕ್ಕೆಯಲ್ಲಿ ಮತ್ತೆ ಉಲ್ಟಾ, ಅಲ್ಲಿ 8 ಅಂದ್ರೆ ಸುಮಾರು 1.5 ಮಿ.ಮೀ. ಹಾಗಾಗಿ ಬರೀ ನಂಬರ್ ಬರೆದಿಟ್ಕೊಂಡ್ರೆ ಏನೂ ಬರೆದ ಹಾಗಲ್ಲ. ಬುಟ್ಟಿ ಕೈಗೆ ಬಂದ ಮೇಲೆ ತೂತುಗಳಿರೋ ನೀಡಲ್ ಗೇಜಿನಲ್ಲಿ ಕಡ್ಡಿ ತೂರಿಸಿ, ಸಲೀಸಾಗಿ ಹೋಗೋ ಅತಿ ಸಣ್ಣ ತೂತಿನ ಮಿ.ಮೀ ಬರೆದಿಡಿ. ಕ್ರೋಶಾ ಕೊಕ್ಕೆಯಾದ್ರೆ ಅಳೀಬೇಕಾದ್ದು ಕೊಕ್ಕೆಯ ಕುತ್ತಿಗೆಯಲ್ಲೂ ಅಲ್ಲ ಚಪ್ಪಟೆ ಜಾಗದಲ್ಲೂ ಅಲ್ಲ, ಇವೆರಡರ ನಡುವೆ ಲೂಪು ಕೂರೋ ದುಂಡಗಿನ ಜಾಗದಲ್ಲಿ.

ಈಗ ನಿಮ್ಮ ಮುಂದಿರೋ ದಾರಿಗಳು. ಇಡೀ ಬುಟ್ಟಿಯನ್ನ ಹಾಗೇ ತರಿಸ್ಕೊಂಡು ಆಮೇಲೆ ವಿಂಗಡಿಸೋದು ಎಲ್ಲಕ್ಕಿಂತ ಒಳ್ಳೇದು, ನಾನಾಗಿದ್ರೆ ಹಾಗೇ ಮಾಡ್ತಿದ್ದೆ. ಇಲ್ಲಿ ಭಯ ಒಂದೇ, ಸಾಗಿಸುವಾಗ ಶಟಲಿನ ತುದಿ ಮುರಿಯೋದು, ತೆಳು ಕಡ್ಡಿ ಬಾಗೋದು. ಶಟಲನ್ನ ಮೆತ್ತಗಿನ ಬಟ್ಟೆಯಲ್ಲಿ ಸುತ್ತಿ ಮೇಲಿಡೋಕೆ, ಗಿಡ್ಡ ಕಡ್ಡಿ ಸೆಟ್ಟನ್ನ ರಟ್ಟಿನ ಕೊಳವೆಯಲ್ಲಿ ಹಾಕೋಕೆ ಹೇಳಿ. ಪೂರ್ತಿ ತರಿಸೋದು ಆಗಲ್ಲ ಅಂದ್ರೆ ಇನ್ನೊಂದು ಸಲ ಸರಿಯಾಗಿ ಫೋಟೋ ತೆಗೆಸಿ. ಬುಟ್ಟಿಯಿಂದ ಎಲ್ಲ ಆಚೆ ತೆಗೆದು ಒಂದೇ ಬಣ್ಣದ ಬಟ್ಟೆ ಮೇಲೆ, ಒಂದರ ಮೇಲೊಂದು ಬೀಳದ ಹಾಗೆ ಸಾಲಾಗಿ ಮಲಗಿಸಬೇಕು, ಸ್ಟೀಲಿಗೆ ಗಾಢ ಬಣ್ಣದ ಬಟ್ಟೆ ಆದ್ರೆ ಅಂಚು ಚೆನ್ನಾಗಿ ಕಾಣುತ್ತೆ, ಪಕ್ಕದಲ್ಲೊಂದು ಸ್ಕೇಲು. ಫೋನ್ ತೀರಾ ಹತ್ತಿರ ಹಿಡಿದ್ರೆ ಅಂಚಿನಲ್ಲಿರೋ ಕಡ್ಡಿಗಳು ಎಳೆದ ಹಾಗೆ ಕಾಣ್ತವೆ, ಸ್ವಲ್ಪ ದೂರ ನಿಂತು ಜೂಮ್ ಮಾಡಿ ನೇರ ಮೇಲಿಂದ ತೆಗೀಲಿ, ಆಮೇಲೆ ಪ್ರತಿಯೊಂದರ ಎರಡೂ ತುದಿಗೆ ಹತ್ತಿರದ ಫೋಟೋ, ಶಟಲಿಗೆ ಪಕ್ಕದಿಂದ ಒಂದು. ಫ್ಲ್ಯಾಷ್ ಬೇಡ, ಸ್ಟೀಲ್ ಮೇಲೆ ಬೆಳಕು ಹೊಳೆದು ಕೊಕ್ಕೆಯ ಬಾಯೇ ಮುಚ್ಚಿಹೋಗುತ್ತೆ.

ಮೂರನೇ ದಾರಿ ಅಂದ್ರೆ ಈಗಿರೋ ಫೋಟೋ ನೋಡಿಯೇ ಕೊಟ್ಟುಬಿಡೋದು. ಹಾಗೆ ಮಾಡಲೇಬೇಕಾದ್ರೆ ಆ ಬೂದು ಬಣ್ಣದ ಜೋಡಿ ಕಡ್ಡಿ ಮಾತ್ರ ಕೊಡಿ, ಅದೊಂದರಲ್ಲಿ ತಪ್ಪಾಗೋ ಸಾಧ್ಯತೆ ಕಡಿಮೆ ಮತ್ತೆ ಅದೇ ಸೈಜಿನದ್ದು ಮುಂದೆ ಬೇಕಾದ್ರೂ ಸಿಗುತ್ತೆ. ಕೊಡೋ ಮುಂಚೆ ಅದರ ಮೇಲೆ ಅರ್ಧ ಹೆಣೆದ ಕೆಲಸ ಇಲ್ಲ ಅಂತ ನೋಡ್ಕೊಳ್ಳಲಿ, ಲೂಪುಗಳಿದ್ದಾಗ ಕಡ್ಡಿ ಎಳೆದ್ರೆ ಸಾಲಿಗೆ ಸಾಲೇ ಬಿಚ್ಚಿಹೋಗುತ್ತೆ.

ಇನ್ನೊಂದು, ಇದನ್ನ ನಿಮ್ಮ ಫೋಟೋ ಮೂರನೇ ಸಲ ನೋಡುವಾಗ ಗಮನಿಸಿದೆ. ಶಟಲಿನ ಎಡಗಡೆ ತುದಿಯಿಂದ ಒಂದು ಬಿಳಿ ದಾರ ಹೊರಟು ರಿಂಗಿನ ಕೆಳಗೆ ಹೋಗಿ ಉಣ್ಣೆ ಉಂಡೆಗಳ ನಡುವೆ ಮರೆಯಾಗಿದೆ. ಬುಟ್ಟಿ ಖಾಲಿ ಮಾಡುವಾಗ ಸಿಕ್ಕುಸಿಕ್ಕಾಗಿದೆ ಅಂತ ಅದನ್ನ ಕತ್ತರಿಸಬೇಡ ಅಂತ ಅಣ್ಣನಿಗೆ ಹೇಳಿ. ಟ್ಯಾಟಿಂಗ್ ಮಾಡೋರು ಕೆಲಸ ಅರ್ಧಕ್ಕೆ ನಿಲ್ಲಿಸಿದಾಗ ಶಟಲನ್ನ ಲೇಸಿನಿಂದ ಬಿಡಿಸಲ್ಲ, ಹಾಗೇ ಇಡ್ತಾರೆ. ದಾರ ಹಿಡ್ಕೊಂಡು ನಿಧಾನವಾಗಿ ಹಿಂದೆ ಹೋದ್ರೆ ಕೊನೆಯಲ್ಲಿ ನಿಮ್ಮ ದೊಡ್ಡಮ್ಮ ಮಾಡ್ತಿದ್ದ ಲೇಸು ಇರಬಹುದು, ಕೊನೇ ಬಳೆ ಇನ್ನೂ ಎಳೆದು ಮುಚ್ಚದೆ. ಸಿಕ್ರೆ ಶಟಲ್, ಲೇಸು, ಆ ಸಣ್ಣ ಸ್ಟೀಲ್ ಕೊಕ್ಕೆ ಮೂರನ್ನೂ ದಾರ ಕಡಿಯದೆ ಒಂದೇ ಬಟ್ಟೆಯಲ್ಲಿ ಸುತ್ತಿ ಕಳಿಸಲಿ.